ವರದಿಯ ಕೊನೆಯ ಎರಡು ಸಾಲು

ಎಮ್ಮೆದೊಡ್ಡಿ ಕಡೆಯ ಒಂದು ಮನೆ. ಜಗಲಿಯಲ್ಲಿ ಕೂತ ಮಗ, ಕಡೂರಿನಲ್ಲಿ ತೆಗೆಸಿದ ಎಕ್ಸ್‌ರೇಯ ವರದಿಯನ್ನು ಮೊಬೈಲಿನ ಬೆಳಕಿಗೆ ಹಿಡಿದಿದ್ದಾನೆ. ಅಪ್ಪನಿಗೆ ಹತ್ತು ದಿನದಿಂದ ಕೆಮ್ಮು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಹಳೆಯ ಕಲೆಯಂಥ ನೆರಳಿದೆ ಎಂದು ಬರೆದ ಮೇಲೆ ವರದಿ ಎರಡು ಸಾಲಿನಲ್ಲಿ ಮುಗಿಯುತ್ತದೆ: ‘ಆಕ್ಟಿವ್ ಇನ್‌ಫೆಕ್ಷನ್ ಕೆನಾಟ್ ಬಿ ಎಕ್ಸ್‌ಕ್ಲೂಡೆಡ್. ಕೋರಿಲೇಟ್ ಕ್ಲಿನಿಕಲಿ.’

“ಟಿ.ಬಿ. ಇಲ್ಲ ಅಂತ ಹೇಳಕ್ಕಾಗಲ್ಲ ಅಂತ ಬರ್ದವ್ರೆ ಕಣಪ್ಪ.”

“ಅಂಗಂದ್ರೆ ಐತೆ ಅಂತ ತಾನೆ?”

ಒಳಗೆ ಅವ್ವ ಆಗಲೇ ಗಂಡನ ತಟ್ಟೆ-ಲೋಟ ಬೇರೆ ಎತ್ತಿಟ್ಟಿದ್ದಾಳೆ.

‘ಐತೆ’ ಎಂದು ಆ ವರದಿ ಎಲ್ಲಿಯೂ ಹೇಳಿಲ್ಲ. ಬರೆದ ರೇಡಿಯಾಲಜಿಸ್ಟ್ ಈ ಮನುಷ್ಯನನ್ನು ನೋಡಿಲ್ಲ. ಅವರ ಮುಂದಿದ್ದದ್ದು ಒಂದು ಚಿತ್ರ, ಜೊತೆಗೊಂದು ಚೀಟಿ. ಚೀಟಿಯಲ್ಲಿ ಹೆಸರು, ವಯಸ್ಸು ಬಿಟ್ಟರೆ ಏನೂ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಕ್ಷಯಕ್ಕೆ ಪೂರ್ತಿ ಔಷಧಿ ತಗೊಂಡ ಸಂಗತಿಯನ್ನು ಯಾರೂ ಬರೆದಿರಲಿಲ್ಲ. ವಾಸಿಯಾದ ಕ್ಷಯ ಬಿಟ್ಟುಹೋದ ಕಲೆಯೂ ಈಗ ಕೆರಳಿರುವ ಸೋಂಕೂ ಒಂದೇ ಚಿತ್ರದಲ್ಲಿ ಎಷ್ಟೋ ಸಲ ಒಂದೇ ಥರ ಕಾಣುತ್ತವೆ. ಆದ್ದರಿಂದ ಮೊದಲ ಸಾಲು ಹೇಳುವುದು ಚಿತ್ರದ ಮಿತಿಯನ್ನು. ಎರಡನೆಯದು ವೈದ್ಯರಿಗೆ ಒಪ್ಪಿಸಿದ ಕೆಲಸ: ರೋಗಿಯನ್ನು ಕೇಳಿ, ಮುಟ್ಟಿ ನೋಡಿ, ಇದರ ಜೊತೆ ಹೊಂದಿಸಿ.

ಈ ಮಿತಿ ಹೊಸದಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗಲೂ ಎಕ್ಸ್‌ರೇ ಒಂದನ್ನೇ ನಂಬಲಿಲ್ಲ, ಕಫವನ್ನೂ ಪರೀಕ್ಷಿಸಿತು.

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆ ವರದಿ ಪಕ್ಕಕ್ಕಿಟ್ಟು ಕೇಳುತ್ತಾರೆ: “ಸಂಜೆ ಹೊತ್ತು ಜ್ವರ ಬರುತ್ತಾ ಯಜಮಾನ್ರೆ? ರಾತ್ರಿ ಬೆವರು? ತೂಕ ಇಳಿದಿದೆಯಾ? ಕಫದಲ್ಲಿ ರಕ್ತ?” ಎಲ್ಲಕ್ಕೂ ಇಲ್ಲ. “ಹಳೇ ಎಕ್ಸ್‌ರೇ ಇದೆಯಾ?” ಟ್ರಂಕಿನ ತಳದಲ್ಲಿದ್ದ ಫಿಲಂ ಬರುತ್ತದೆ. ಎರಡನ್ನೂ ಬೆಳಕಿಗೆ ಹಿಡಿದರೆ ಅದೇ ಜಾಗ, ಅದೇ ಅಳತೆ, ಅದೇ ಅಂಚು. ವರ್ಷಗಟ್ಟಲೆ ಬದಲಾಗದ ನೆರಳು ಹಳೆಯ ಕಲೆಯೇ ಇರುವ ಸಾಧ್ಯತೆ ಬಹಳ ಹೆಚ್ಚು. ಹಾಗಂತ ವೈದ್ಯೆ ಅಲ್ಲಿಗೇ ಬಿಡುವುದಿಲ್ಲ. ಒಮ್ಮೆ ಕ್ಷಯ ಬಂದವರಿಗೆ ಅದು ಮರುಕಳಿಸಬಹುದು. ಉಚಿತವಾಗಿ ಮಾಡುವ ಕಫ ಪರೀಕ್ಷೆಗೆ ಬರೆಯುತ್ತಾರೆ. ಬೆಳಗೆದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಡಬ್ಬಿಯಲ್ಲಿ ಬರೀ ಎಂಜಲಿದ್ದರೆ ‘ನೆಗೆಟಿವ್’ ಎಂಬ ಫಲಿತಾಂಶಕ್ಕೆ ಬೆಲೆಯಿಲ್ಲ.

ಇಂಥ ವರದಿ ಕೈಗೆ ಬಂದಾಗ ರೋಗದ ಹೆಸರನ್ನು ಮೊಬೈಲಿನಲ್ಲಿ ಹುಡುಕುವ ಬದಲು ವೈದ್ಯರನ್ನೇ ಕೇಳಬೇಕು: ಈ ಅನುಮಾನ ತೀರಲು ಯಾವ ಪರೀಕ್ಷೆ, ಎಷ್ಟು ದಿನದೊಳಗೆ? ಸಂದೇಹದ ಸಾಲೆಂದು ಅದನ್ನು ಮಡಚಿ ಇಟ್ಟುಬಿಡುವುದು ಹೆದರಿ ಕೂರುವುದಕ್ಕಿಂತ ದೊಡ್ಡ ಅಪಾಯ.

ಈ ಯಜಮಾನರ ಕಫದಲ್ಲಿ ಕ್ಷಯದ ಸುಳಿವು ಸಿಗಲಿಲ್ಲ. “ಕೆಮ್ಮು ಇನ್ನೆರಡು ವಾರಕ್ಕೂ ನಿಲ್ಲದಿದ್ರೆ ಮತ್ತೆ ಬನ್ನಿ, ಇನ್ನೊಂದು ಎಕ್ಸ್‌ರೇ ತೆಗೆಸೋಣ. ಚೀಟೀಲಿ ಹಳೇ ಕಾಯಿಲೆ ನಾನೇ ಬರೀತೀನಿ, ನೀವು ಈ ಎರಡು ಫಿಲಮ್ಮೂ ತನ್ನಿ,” ಎಂದರು ವೈದ್ಯೆ.