ಅಗ್ಗದ ಟಿಕೆಟ್ಟಿಗೂ ಅರ್ಹತೆ ಬೇಕು

ಮಂಗಳೂರಿನ ಯುವಕನೊಬ್ಬ ಸಿಂಗಪುರದಲ್ಲಿ ಹಡಗು ಹತ್ತಬೇಕು ಎಂದುಕೊಳ್ಳಿ. ಹಡಗು ಎರಡು ದಿನ ತಡವಾದರೆ ಅವನ ವಿಮಾನದ ದಿನವೂ ಬದಲಾಗಬೇಕು. ನಾವಿಕರಿಗೆಂದೇ ವಿಮಾನ ಸಂಸ್ಥೆಗಳು ಪ್ರತ್ಯೇಕ ದರ ಇಟ್ಟಿರುವುದು ಇದಕ್ಕಾಗಿಯೇ. ಇಂಥ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ದಿನ ಬದಲಿಸುವುದು ಸುಲಭ, ಲಗೇಜಿನ ಮಿತಿಯೂ ಹೆಚ್ಚು. ಹಾಗೆಂದು ಇದೇ ಎಲ್ಲಕ್ಕಿಂತ ಅಗ್ಗ ಎನ್ನುವಂತಿಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರಿಗೂ ಕೆಲವು ಸಂಸ್ಥೆಗಳಲ್ಲಿ ಕಾರ್ಮಿಕ ದರವಿದೆ. ಅದಕ್ಕೆ ಕೆಲಸದ ವೀಸಾ ಕೇಳುತ್ತಾರೆ.

ತೊಡಕು ಬರುವುದು ಚೆಕ್-ಇನ್ ಕೌಂಟರಿನಲ್ಲಿ. ನಾವಿಕನ ಸಿಡಿಸಿ ಪುಸ್ತಕವನ್ನೂ ಹಡಗಿನ ಹೆಸರು, ಬಂದರು, ಸೇರುವ ದಿನ ಬರೆದ ಕಂಪನಿಯ ಪತ್ರವನ್ನೂ ಅಲ್ಲಿ ಕೇಳಬಹುದು. ತೋರಿಸಲಾಗದಿದ್ದರೆ ವ್ಯತ್ಯಾಸದ ಹಣ ಕಟ್ಟಬೇಕಾದೀತು, ಇಲ್ಲವೇ ವಿಮಾನವೇ ತಪ್ಪೀತು. ಸಿಡಿಸಿ ಇದೆಯೆಂದು ರಜೆಯ ಪ್ರವಾಸಕ್ಕೆ ಈ ದರ ಸಿಗುವುದಿಲ್ಲ. ಹೆಂಡತಿ ಮಕ್ಕಳಿಗೂ ಸಾಮಾನ್ಯವಾಗಿ ಅನ್ವಯಿಸದು.

ಆದ್ದರಿಂದ ದುಡ್ಡು ಕಟ್ಟುವ ಮೊದಲು ಏಜೆಂಟನ್ನು ಕೇಳಿ: ಇದು ಯಾವ ವರ್ಗದ ದರ? ಬುಕಿಂಗ್ ವ್ಯವಸ್ಥೆಯಲ್ಲಿ ನಾವಿಕರಿಗೆ SEA, ಕಾರ್ಮಿಕರಿಗೆ LBR ಎಂಬ ಸಂಕೇತಗಳಿವೆ. ದರದ ನಿಯಮಗಳನ್ನು ಬರಹದಲ್ಲಿ ತರಿಸಿಕೊಂಡು, ಯಾವ ದಾಖಲೆ ಬೇಕು, ರದ್ದಾದರೆ ಎಷ್ಟು ವಾಪಸು ಎಂಬುದನ್ನು ಓದಿ. ಹಣ ಕಟ್ಟದೆ ಕಾದಿರಿಸಲು ಅವಕಾಶವಿದ್ದರೆ ಪಿಎನ್‌ಆರ್ ಪಡೆದು, ವಿಮಾನ ಸಂಸ್ಥೆಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. "ಯಾರೂ ಕೇಳಲ್ಲ ಬಿಡಿ" ಎನ್ನುವ ಏಜೆಂಟ್ ಕೌಂಟರಿನಲ್ಲಿ ನಿಮ್ಮ ಜೊತೆ ನಿಂತಿರುವುದಿಲ್ಲ.