ಬೆಳವಣಿಗೆಗೆ ದುಡ್ಡು ಎಲ್ಲಿಂದ?

ಷೇರುಪೇಟೆಯ ಯಾವ ವರದಿ ತೆರೆದರೂ ಒಂದು ಮಾತು ಇದ್ದೇ ಇರುತ್ತದೆ: ಈ ಕಂಪನಿಯ ಲಾಭ ಮುಂದಿನ ಕೆಲವು ವರ್ಷ ಶೇ 15ರಂತೆ ಏರಲಿದೆ. ಷೇರಿಗೆ ಇಷ್ಟು ಬೆಲೆ ಕೊಡಬಹುದು ಎಂಬ ಲೆಕ್ಕವೆಲ್ಲ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಆದರೆ ಅಷ್ಟು ಬೆಳೆಯಲು ಬೇಕಾದ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳುವ ವರದಿಗಳು ಕಡಿಮೆ. ಹೊಸ ಯಂತ್ರಕ್ಕೆ ಹಣ ಬೇಕು, ಗೋದಾಮಿನಲ್ಲಿ ಹೆಚ್ಚು ಸರಕು ಇಡಲು ಹಣ ಬೇಕು, ಉದ್ದರಿ ಕೊಟ್ಟ ಗ್ರಾಹಕರಿಂದ ಬಾಕಿ ಬರುವವರೆಗೆ ಕಾಯಲೂ ಹಣ ಬೇಕು. ಹೊಸ ಷೇರು ಮಾರದೆ, ಸಾಲದ ಹೊರೆಯ ಪ್ರಮಾಣವನ್ನೂ ಹೆಚ್ಚಿಸಿಕೊಳ್ಳದೆ ಬೆಳೆಯಬೇಕೆಂದರೆ ಕಂಪನಿಗೆ ಉಳಿಯುವ ದಾರಿ ಒಂದೇ. ತಾನೇ ಗಳಿಸಿದ ಲಾಭದಲ್ಲಿ ಒಂದು ಪಾಲನ್ನು ಹಂಚದೆ ಇಟ್ಟುಕೊಳ್ಳಬೇಕು.

ಹೀಗೆ ಸ್ವಂತ ಲಾಭದ ಬಲದಿಂದಲೇ ಒಂದು ಕಂಪನಿ ಎಷ್ಟು ಬೆಳೆಯಬಲ್ಲದು ಎಂಬುದೇ ಅದರ ಸುಸ್ಥಿರ ಬೆಳವಣಿಗೆ ದರ. ಅದನ್ನು ಕಂಡುಹಿಡಿಯಲು ಎರಡು ಅಂಕಿ ಸಾಕು. ಮೊದಲನೆಯದು, ಷೇರುದಾರರ ಬಂಡವಾಳದ ಮೇಲೆ ಕಂಪನಿ ಗಳಿಸುವ ನಿವ್ವಳ ಲಾಭ. ಇದನ್ನು ರಿಟರ್ನ್ ಆನ್ ಈಕ್ವಿಟಿ, ಚಿಕ್ಕದಾಗಿ ಆರ್‌ಒಇ ಎನ್ನುತ್ತಾರೆ. ಎರಡನೆಯದು, ಆ ಲಾಭದಲ್ಲಿ ಡಿವಿಡೆಂಡ್ ಕೊಟ್ಟ ಮೇಲೆ ಉಳಿಸಿಕೊಂಡ ಪಾಲು.

ಬೆಳವಣಿಗೆ ದರ = ಆರ್‌ಒಇ × ಉಳಿಸಿಕೊಂಡ ಪಾಲು

ವರ್ಷದ ಆರಂಭದಲ್ಲಿ ಷೇರುದಾರರ ಬಂಡವಾಳ, ಅಂದರೆ ಮೂಲ ಬಂಡವಾಳ ಮತ್ತು ಮೀಸಲು ನಿಧಿ ಎರಡೂ ಸೇರಿ, 100 ಕೋಟಿ ರೂಪಾಯಿ ಇದೆ ಎನ್ನಿ. ಕಂಪನಿ ಆ ವರ್ಷ 20 ಕೋಟಿ ಲಾಭ ಮಾಡಿತು. ಆರ್‌ಒಇ ಶೇ 20. ಅದರಲ್ಲಿ 8 ಕೋಟಿ ಡಿವಿಡೆಂಡ್ ಕೊಟ್ಟು 12 ಕೋಟಿ ಉಳಿಸಿಕೊಂಡಿತು. ಉಳಿಸಿಕೊಂಡ ಪಾಲು ಶೇ 60. ಮುಂದಿನ ವರ್ಷ ಬಂಡವಾಳ 112 ಕೋಟಿ. ಅದರ ಮೇಲೂ ಶೇ 20ರಂತೆ ದುಡಿದರೆ ಲಾಭ 22.4 ಕೋಟಿ, ಹಿಂದಿನದಕ್ಕಿಂತ ಶೇ 12 ಹೆಚ್ಚು. ಸೂತ್ರವೂ ಅದನ್ನೇ ಹೇಳುತ್ತದೆ: 20ರ ಶೇ 60 ಎಂದರೆ 12. ಇಲ್ಲಿ ಬಂಡವಾಳವನ್ನು ವರ್ಷದ ಆರಂಭದ ಲೆಕ್ಕದಿಂದಲೇ ತೆಗೆದುಕೊಳ್ಳಬೇಕು. ವರ್ಷಾಂತ್ಯದ ಬಂಡವಾಳದಲ್ಲಿ ಈ ವರ್ಷ ಉಳಿಸಿದ ಲಾಭವೂ ಸೇರಿಕೊಂಡಿರುವುದರಿಂದ ಅದರಿಂದ ಭಾಗಿಸಿದರೆ ಉತ್ತರ ಕಡಿಮೆ ಬರುತ್ತದೆ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಿಗಿನ್ಸ್ 1977ರಲ್ಲಿ ಈ ವಿಷಯದ ಮೇಲೆ ಬರೆದ ಲೇಖನ ಹೆಸರುವಾಸಿ. ಒಂದು ಕಂಪನಿಗೆ ಎಷ್ಟು ಬೆಳವಣಿಗೆಯನ್ನು ತಾಳಿಕೊಳ್ಳುವ ಶಕ್ತಿ ಇದೆ ಎಂಬುದು ಅವರ ಪ್ರಶ್ನೆ. ಷೇರಿನ ಬೆಲೆ ಕಟ್ಟುವವರಿಗೂ ಇದೇ ಪ್ರಶ್ನೆ ಮುಖ್ಯ.

ಎಡವುವ ಜಾಗ

ಡಿವಿಡೆಂಡ್‌ನಿಂದ ಷೇರಿನ ಬೆಲೆ ಕಟ್ಟುವ ಹಳೆಯ ಸೂತ್ರವೊಂದಿದೆ. 1950ರ ದಶಕದಲ್ಲಿ ಅದನ್ನು ಬಳಕೆಗೆ ತಂದ ಮೈರನ್ ಗಾರ್ಡನ್ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಹೂಡಿಕೆದಾರ ಬಯಸುವ ಪ್ರತಿಫಲದಿಂದ ಬೆಳವಣಿಗೆ ದರವನ್ನು ಕಳೆಯಬೇಕು. ಮುಂದಿನ ವರ್ಷದ ಡಿವಿಡೆಂಡ್ ಅನ್ನು ಆ ಉತ್ತರದಿಂದ ಭಾಗಿಸಿದರೆ ಬೆಲೆ ಸಿಗುತ್ತದೆ. ಬೆಳವಣಿಗೆ ದರ ತುಸು ಏರಿಸಿದರೂ ಭಾಜಕ ಕುಗ್ಗಿ ಬೆಲೆ ಜಿಗಿಯುತ್ತದೆ. ಎಡವುವುದು ಇಲ್ಲಿಯೇ.

ಒಂದು ಕಂಪನಿ ಮುಂದಿನ ವರ್ಷ 100 ಕೋಟಿ ಲಾಭ ಮಾಡಲಿದೆ ಎಂದುಕೊಳ್ಳೋಣ. ಅದರ ಆರ್‌ಒಇ ಶೇ 10, ಹೂಡಿಕೆದಾರರು ಬಯಸುವ ಪ್ರತಿಫಲ ಶೇ 12. ಲಾಭದಲ್ಲಿ ಅರ್ಧ ಹಂಚಿ ಅರ್ಧ ಉಳಿಸಿಕೊಂಡರೆ ಬೆಳವಣಿಗೆ ಶೇ 5. ಡಿವಿಡೆಂಡ್ 50 ಕೋಟಿಯನ್ನು ಶೇ 7ರಿಂದ ಭಾಗಿಸಿದರೆ ಇಡೀ ಕಂಪನಿಯ ಬೆಲೆ ಸುಮಾರು 714 ಕೋಟಿ.

ಈಗ ಒಬ್ಬ ವಿಶ್ಲೇಷಕರಿಗೆ ಶೇ 5 ತೀರಾ ಕಡಿಮೆ ಅನ್ನಿಸಿತು. ಬೆಳವಣಿಗೆಯ ಮನೆಯಲ್ಲಿ 5 ಅಳಿಸಿ 8 ಬರೆದರು, ಡಿವಿಡೆಂಡ್ ಅನ್ನು ಮುಟ್ಟಲಿಲ್ಲ. 50 ಕೋಟಿಯನ್ನು ಶೇ 4ರಿಂದ ಭಾಗಿಸಿದಾಗ ಬೆಲೆ 1,250 ಕೋಟಿ ಆಯಿತು. ಆದರೆ ಶೇ 10 ಗಳಿಸುವ ಕಂಪನಿ ಶೇ 8ರಂತೆ ಬೆಳೆಯಬೇಕಾದರೆ ಲಾಭದ ಶೇ 80ನ್ನು ಉಳಿಸಿಕೊಳ್ಳಬೇಕು. ಹಂಚಲು ಉಳಿಯುವುದು 20 ಕೋಟಿ ಮಾತ್ರ. 20 ಕೋಟಿಯನ್ನು ಶೇ 4ರಿಂದ ಭಾಗಿಸಿ ನೋಡಿ, ಬೆಲೆ 500 ಕೋಟಿ. ಬೆಳವಣಿಗೆ ಹೆಚ್ಚಿದ ಮೇಲೆ ಬೆಲೆ ಏರುವ ಬದಲು 714ರಿಂದ 500ಕ್ಕೆ ಇಳಿಯಿತು. ಇದೇ ಕಂಪನಿ ಬೆಳೆಯುವ ಗೋಜಿಗೇ ಹೋಗದೆ ಇಡೀ 100 ಕೋಟಿಯನ್ನು ವರ್ಷವರ್ಷವೂ ಹಂಚುತ್ತಾ ಹೋದರೆ ಬೆಲೆ 833 ಕೋಟಿ.

ಕಾರಣ ಸರಳ. ಶೇ 12 ಬಯಸುವ ಹೂಡಿಕೆದಾರರ ದುಡ್ಡನ್ನು ತನ್ನಲ್ಲೇ ಇಟ್ಟುಕೊಂಡು ಕಂಪನಿ ಅದರ ಮೇಲೆ ಶೇ 10 ಮಾತ್ರ ದುಡಿಯುತ್ತಿದೆ. ಹೆಚ್ಚು ಇಟ್ಟುಕೊಂಡಷ್ಟೂ ಹೆಚ್ಚು ನಷ್ಟ. ಅಷ್ಟೇ ಲಾಭ ಮಾಡುವ ಇನ್ನೊಂದು ಕಂಪನಿಯ ಆರ್‌ಒಇ ಶೇ 16 ಇದ್ದರೆ ಚಿತ್ರವೇ ಬೇರೆ. ಅರ್ಧ ಲಾಭ ಉಳಿಸಿಕೊಂಡರೆ ಸಾಕು, ಬೆಳವಣಿಗೆ ಶೇ 8 ಆಗುತ್ತದೆ. 1,250 ಕೋಟಿಯ ಬೆಲೆ ಅದಕ್ಕೆ ನಿಜವಾಗಿಯೂ ಸಲ್ಲುತ್ತದೆ. ಆರ್‌ಒಇ ಸರಿಯಾಗಿ ಶೇ 12 ಇದ್ದರೆ ಎಷ್ಟೇ ಉಳಿಸಿದರೂ, ಎಷ್ಟೇ ಹಂಚಿದರೂ ಬೆಲೆ 833 ಕೋಟಿಯೇ. ಹಾಗಾಗಿ ಬೆಳವಣಿಗೆಯೊಂದನ್ನೇ ನೋಡಿ ಕಂಪನಿ ಒಳ್ಳೆಯದೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ. ಆ ಬೆಳವಣಿಗೆಗೆ ಎಷ್ಟು ಲಾಭ ಸುರಿಯಬೇಕಾಯಿತು ಎಂಬುದೂ ಗೊತ್ತಿರಬೇಕು.

ಬ್ಯಾಂಕಿಗೆ ಹೇಳಿ ಮಾಡಿಸಿದ ಸೂತ್ರ

ಈ ಸೂತ್ರ ಅಚ್ಚುಕಟ್ಟಾಗಿ ಹೊಂದುವ ಉದ್ಯಮವೆಂದರೆ ಬ್ಯಾಂಕಿಂಗ್. ಬ್ಯಾಂಕು ಕೊಡುವ ಸಾಲಕ್ಕೆ ತಕ್ಕಷ್ಟು ಸ್ವಂತ ಬಂಡವಾಳ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ಕಟ್ಟುಪಾಡು ಹಾಕಿದೆ. ಅಪಾಯದ ತೂಕ ಹಾಕಿ ಲೆಕ್ಕ ಹಿಡಿದ ಸಾಲ ಮತ್ತಿತರ ಆಸ್ತಿಯ ಮೇಲೆ ಕನಿಷ್ಠ ಶೇ 9, ಅದರ ಮೇಲೆ ಶೇ 2.5 ಕಾಪುನಿಧಿ, ಒಟ್ಟು ಶೇ 11.5. ಹಾಗಾಗಿ ಬಂಡವಾಳ ಬೆಳೆಯದೆ ಸಾಲ ಬಹಳ ಕಾಲ ಬೆಳೆಯಲಾರದು.

ಒಂದು ಬ್ಯಾಂಕಿನ ಆರ್‌ಒಇ ಶೇ 15, ಡಿವಿಡೆಂಡ್ ಲಾಭದ ಶೇ 20 ಇದ್ದರೆ ಬಂಡವಾಳ ವರ್ಷಕ್ಕೆ ಶೇ 12ರಂತೆ ಬೆಳೆಯುತ್ತದೆ. ಅದೇ ಬ್ಯಾಂಕು ಸಾಲವನ್ನು ಶೇ 18ರಂತೆ ಹೆಚ್ಚಿಸುತ್ತಿದೆ ಎನ್ನಿ. ಆರಂಭದಲ್ಲಿ ಬಂಡವಾಳದ ಪ್ರಮಾಣ ಶೇ 16 ಇದ್ದರೆ ಮೊದಲ ವರ್ಷದ ಕೊನೆಗೆ ಅದು ಶೇ 15.2 ಆಗುತ್ತದೆ. ಯಾರೂ ಗಾಬರಿಯಾಗುವುದಿಲ್ಲ. ಐದನೇ ವರ್ಷದ ಕೊನೆಗೆ ಶೇ 12.3ಕ್ಕೆ ಇಳಿದಿರುತ್ತದೆ, ಏಳನೇ ವರ್ಷದಲ್ಲಿ ಗಡಿ ದಾಟಿ ಕೆಳಗೆ ಬೀಳುತ್ತದೆ. ಅಷ್ಟರೊಳಗೆ ಬ್ಯಾಂಕು ಹೊಸ ಷೇರು ಮಾರಲೇಬೇಕು, ಇಲ್ಲವೇ ಸಾಲ ಕೊಡುವ ವೇಗ ತಗ್ಗಿಸಬೇಕು. ಹೊಸ ಷೇರು ಬಂದಾಗ ಹಳೆಯ ಷೇರುದಾರರ ಪಾಲು ತೆಳುವಾಗುತ್ತದೆ. ಆದ್ದರಿಂದ ಬ್ಯಾಂಕಿನ ಬೆಲೆ ಕಟ್ಟುವಾಗ ಒಟ್ಟು ಲಾಭ ಎಷ್ಟು ಏರಿತು ಎಂದು ನೋಡಿದರೆ ಸಾಲದು, ಪ್ರತಿ ಷೇರಿನ ಲಾಭ ಎಷ್ಟು ಏರಿತು ಎಂದೂ ನೋಡಬೇಕು. ಐದಾರು ವರ್ಷಗಳಲ್ಲಿ ಷೇರುಗಳ ಸಂಖ್ಯೆ ಎಷ್ಟು ಹೆಚ್ಚಿದೆ ಎಂದು ವಾರ್ಷಿಕ ವರದಿಯಲ್ಲಿ ನೋಡಿಕೊಂಡರೆ, ಬೆಳವಣಿಗೆ ಸ್ವಂತ ದುಡಿಮೆಯದೋ ಹೊರಗಿನ ಹಣದ್ದೋ ಎಂಬುದು ತಿಳಿಯುತ್ತದೆ.

ಇನ್ಫೊಸಿಸ್ ಲೆಕ್ಕ ಕಲಿಸುವ ಪಾಠ

ಸೂತ್ರ ಕೈಕೊಡುವ ಜಾಗ ನೋಡಲು ನಮ್ಮ ಬೆಂಗಳೂರಿನ ಇನ್ಫೊಸಿಸ್‌ಗಿಂತ ಒಳ್ಳೆಯ ಉದಾಹರಣೆ ಬೇಡ. 2022ರ ಮಾರ್ಚ್ ಕೊನೆಗೆ ಅದರ ಷೇರುದಾರರ ಬಂಡವಾಳ ಸುಮಾರು 75,350 ಕೋಟಿ ರೂಪಾಯಿ. ಮುಂದಿನ ಒಂದು ವರ್ಷದಲ್ಲಿ ನಿವ್ವಳ ಲಾಭ ಸುಮಾರು 24,100 ಕೋಟಿ. ಆರ್‌ಒಇ ಶೇ 32. ಪ್ರತಿ ಷೇರಿನ ಲಾಭ 57 ರೂಪಾಯಿ ಚಿಲ್ಲರೆ, ಆ ವರ್ಷಕ್ಕೆ ಘೋಷಿಸಿದ ಡಿವಿಡೆಂಡ್ 34 ರೂಪಾಯಿ. ಅಂದರೆ ಉಳಿಸಿಕೊಂಡ ಪಾಲು ಸುಮಾರು ಶೇ 41. ಸೂತ್ರದ ಪ್ರಕಾರ ಸುಸ್ಥಿರ ಬೆಳವಣಿಗೆ ಶೇ 13.

ಆದರೆ 2023ರ ಮಾರ್ಚ್‌ನಲ್ಲಿ ಬಂಡವಾಳ ಎಷ್ಟಿತ್ತು? ಸುಮಾರು 75,400 ಕೋಟಿ. ಶೇ 13 ಏರಬೇಕಿದ್ದದ್ದು ಇದ್ದಲ್ಲೇ ನಿಂತಿತ್ತು. ಆ ವರ್ಷ ಕಂಪನಿ ಡಿವಿಡೆಂಡ್ ಕೊಟ್ಟದ್ದಲ್ಲದೆ 9,300 ಕೋಟಿ ವೆಚ್ಚ ಮಾಡಿ ತನ್ನದೇ ಷೇರುಗಳನ್ನು ಮರುಖರೀದಿ ಮಾಡಿತ್ತು. ಕೈಯಿಂದ ಪಾವತಿಯಾದ ಡಿವಿಡೆಂಡ್, ಮರುಖರೀದಿ, ಅದರ ಮೇಲಿನ ತೆರಿಗೆ ಎಲ್ಲ ಕೂಡಿದರೆ ವರ್ಷದ ಲಾಭಕ್ಕಿಂತ ಹೆಚ್ಚೇ ಹೊರಗೆ ಹೋಯಿತು. ಹೀಗಾಗಿ ಉಳಿಸಿಕೊಂಡ ಪಾಲನ್ನು ಡಿವಿಡೆಂಡ್‌ನಿಂದ ಮಾತ್ರ ಲೆಕ್ಕ ಹಾಕಬಾರದು. ಮರುಖರೀದಿಯೂ ಷೇರುದಾರರಿಗೆ ಹಿಂತಿರುಗಿದ ಹಣವೇ. ಅದನ್ನು ಸೇರಿಸಿದರೆ ಉಳಿಕೆ ಸೊನ್ನೆಗೆ ಬಂದು ನಿಲ್ಲುತ್ತದೆ, ಸೂತ್ರ ಹೇಳುವ ಬೆಳವಣಿಗೆಯೂ ಸೊನ್ನೆಯಾಗುತ್ತದೆ.

ನಿಜದಲ್ಲಿ ಆದದ್ದೇ ಬೇರೆ. ಅದೇ ವರ್ಷ ಆದಾಯ ರೂಪಾಯಿ ಲೆಕ್ಕದಲ್ಲಿ ಶೇ 20ಕ್ಕೂ ಹೆಚ್ಚು ಏರಿ 1.46 ಲಕ್ಷ ಕೋಟಿ ದಾಟಿತು. ಮರುವರ್ಷ ಏರಿಕೆ ಶೇ 5ರ ಒಳಗೆ ಕುಸಿಯಿತು. ಎರಡು ವರ್ಷವೂ ದುಡ್ಡಿಗೇನೂ ಕೊರತೆ ಇರಲಿಲ್ಲ. ಸಾಫ್ಟ್‌ವೇರ್ ಸೇವಾ ಕಂಪನಿಗೆ ಬೆಳೆಯಲು ಕಾರ್ಖಾನೆ ಕಟ್ಟಬೇಕಿಲ್ಲ. ಗ್ರಾಹಕರು ಬೇಕು, ಕೆಲಸ ಬಲ್ಲ ಜನ ಬೇಕು. ಅವರ ಸಂಬಳ ವೆಚ್ಚವಾಗಿ ಲಾಭಕ್ಕೆ ಮುಂಚೆಯೇ ಕಳೆದುಹೋಗಿರುತ್ತದೆ, ಬಂಡವಾಳದ ಲೆಕ್ಕಕ್ಕೆ ಬರುವುದೇ ಇಲ್ಲ. ಅಮೆರಿಕ, ಯುರೋಪಿನ ಗ್ರಾಹಕರು ಖರ್ಚು ಬಿಗಿ ಹಿಡಿದಾಗ ಬೆಳವಣಿಗೆ ನಿಂತಿತು, ಬಿಚ್ಚಿದಾಗ ಓಡಿತು. ಬಂಡವಾಳವೇ ಅಡ್ಡಿಯಾಗಿರುವ ಉದ್ಯಮಕ್ಕೆ ಈ ಸೂತ್ರ ಮಿತಿಯನ್ನು ತೋರಿಸುತ್ತದೆ. ಬೇಡಿಕೆ ಅಡ್ಡಿಯಾಗಿರುವ ಉದ್ಯಮದ ಬಗ್ಗೆ ಅದು ಹೆಚ್ಚೇನೂ ಹೇಳಲಾರದು.

ಲೆಕ್ಕವನ್ನು ತಿರುಗಿಸಿ ಹಾಕಿ

ಇನ್ನೊಂದು ಎಚ್ಚರ ಸಾಲದ್ದು. ಹೆಚ್ಚು ಸಾಲ ಮಾಡಿದ ಕಂಪನಿಯ ಆರ್‌ಒಇ ಉಬ್ಬಿಕೊಂಡಿರುತ್ತದೆ, ಅದರೊಂದಿಗೆ ಸುಸ್ಥಿರ ಬೆಳವಣಿಗೆಯೂ ದೊಡ್ಡದಾಗಿ ಕಾಣುತ್ತದೆ. ಬಂಡವಾಳ ಬೆಳೆದಷ್ಟೇ ವೇಗದಲ್ಲಿ ಸಾಲವೂ ಸಿಗುತ್ತಾ ಹೋಗುತ್ತದೆ ಎಂದು ಸೂತ್ರ ಹೇಳದೆಯೇ ಒಪ್ಪಿಕೊಂಡಿರುತ್ತದೆ. ಜೊತೆಗೆ, ಹಳೆಯ ಬಂಡವಾಳ ಶೇ 25 ದುಡಿಯುತ್ತಿದೆ ಎಂದ ಮಾತ್ರಕ್ಕೆ ಹೊಸದಾಗಿ ಹಾಕಿದ ದುಡ್ಡೂ ಅಷ್ಟೇ ದುಡಿಯುತ್ತದೆ ಎನ್ನುವಂತಿಲ್ಲ. ಇದನ್ನು ಪರೀಕ್ಷಿಸಲು ಐದು ವರ್ಷದಲ್ಲಿ ಲಾಭ ಎಷ್ಟು ಹೆಚ್ಚಿತು, ಆ ಅವಧಿಯಲ್ಲಿ ಎಷ್ಟು ಲಾಭ ಉಳಿಸಿಕೊಂಡರು ಎಂದು ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬಹುದು. ಹೊಸ ಹಣ ಎಷ್ಟು ದುಡಿಯಿತೆಂಬ ಅಂದಾಜು ಅದರಿಂದ ಸಿಗುತ್ತದೆ.

ಇಷ್ಟೆಲ್ಲ ಮಿತಿಗಳಿದ್ದರೂ ಬೆಲೆ ಕಟ್ಟುವವರು ಈ ಸೂತ್ರವನ್ನು ಬಿಟ್ಟಿಲ್ಲ. ಅನುಭವಿಗಳು ಅದನ್ನು ತಿರುಗಿಸಿ ಬಳಸುತ್ತಾರೆ. ಯಾವ ಕಂಪನಿಯೂ ಶಾಶ್ವತವಾಗಿ ದೇಶದ ಆರ್ಥಿಕತೆಗಿಂತ ವೇಗವಾಗಿ ಬೆಳೆಯಲಾರದು. ಬೆಳೆದರೆ ಒಂದು ದಿನ ಅದೇ ಆರ್ಥಿಕತೆಗಿಂತ ದೊಡ್ಡದಾಗಬೇಕಾಗುತ್ತದೆ. ಆದ್ದರಿಂದ ದೂರದ ವರ್ಷಗಳಿಗೆ ಮೊದಲು ಬೆಳವಣಿಗೆ ದರವನ್ನು ನಿಶ್ಚಯಿಸುತ್ತಾರೆ, ಆಮೇಲೆ ಅದನ್ನು ಆರ್‌ಒಇಯಿಂದ ಭಾಗಿಸಿ ಎಷ್ಟು ಲಾಭ ಉಳಿಸಿಕೊಳ್ಳಬೇಕು ಎಂದು ಕಂಡುಕೊಳ್ಳುತ್ತಾರೆ. ಬೆಳವಣಿಗೆ ಶೇ 6, ಆರ್‌ಒಇ ಶೇ 20 ಆದರೆ ಶೇ 30 ಉಳಿಸಿದರೆ ಸಾಕು, ಶೇ 70 ಷೇರುದಾರರಿಗೆ ಸಿಗುತ್ತದೆ. ಆರ್‌ಒಇ ಶೇ 12 ಆದರೆ ಅದೇ ಬೆಳವಣಿಗೆಗೆ ಅರ್ಧ ಲಾಭ ಹೋಗುತ್ತದೆ. ಎರಡೂ ಕಂಪನಿಗಳ ಲಾಭ ಒಂದೇ, ಬೆಳವಣಿಗೆಯೂ ಒಂದೇ; ಆದರೂ ಮೊದಲನೆಯದಕ್ಕೆ ಹೆಚ್ಚು ಬೆಲೆ ಕೊಡುವುದು ನ್ಯಾಯ, ಏಕೆಂದರೆ ಅದೇ ಬೆಳವಣಿಗೆಯನ್ನು ಅದು ಕಡಿಮೆ ದುಡ್ಡಿನಲ್ಲಿ ಸಾಧಿಸುತ್ತದೆ.