ಹಲ್ಲುನೋವಿನ ಮಾತ್ರೆ, ಒಸಡಿನ ರಕ್ತ

ಅರವತ್ತೆರಡರ ಮಹಿಳೆ. ಹೃದಯಬಡಿತದ ಏರುಪೇರಿಗಾಗಿ ಎರಡು ವರ್ಷದಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿದ್ದಾರೆ. ಕಳೆದ ತಿಂಗಳು ಐಎನ್‌ಆರ್ 2.4 ಇತ್ತು, ಅವರಿಗೆ 2ರಿಂದ 3 ಸರಿಯಾದ ಮಟ್ಟ. ವಾರದ ಹಿಂದೆ ಹಲ್ಲಿನ ಸೋಂಕಿಗೆ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಶುರುವಾದವು. ಈಗ ಒಸಡಿನಲ್ಲಿ ರಕ್ತ, ಐಎನ್‌ಆರ್ 6.1. ಕಾರಣವಾಗಿರುವ ಸಾಧ್ಯತೆ ಯಾವುದಕ್ಕೆ ಹೆಚ್ಚು: ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್, ಹೆಚ್ಚು ಸೊಪ್ಪು ತಿಂದದ್ದು, ವಾರ್ಫರಿನ್ ಮಾತ್ರೆ ಮರೆತದ್ದು?

ವೈದ್ಯಕೀಯ ವಿದ್ಯಾರ್ಥಿಗಳು ಎದುರಿಸುವ ‘ಅತ್ಯುತ್ತಮ ಒಂದೇ ಉತ್ತರ’ದ ಪ್ರಶ್ನೆ ಹೀಗಿರುತ್ತದೆ.

ಕೊನೆಯ ಎರಡು ಬೇಗ ಉದುರುತ್ತವೆ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ನ ಶಕ್ತಿ ಕುಂದಿಸುತ್ತದೆ. ಮಾತ್ರೆ ಮರೆತರೂ ಐಎನ್‌ಆರ್ ಇಳಿಯುತ್ತದೆ. ಇಲ್ಲಿ ಏರಿದೆ. ಗೊಂದಲ ಉಳಿಯುವುದು ಮೊದಲೆರಡರಲ್ಲಿ. ಅಮಾಕ್ಸಿಸಿಲಿನ್ ಕೂಡ ಕೆಲವರಲ್ಲಿ ಐಎನ್‌ಆರ್ ಏರಿಸಬಲ್ಲದು, ಹಾಗಾಗಿ ಅದು ಪೂರ್ತಿ ತಪ್ಪಲ್ಲ. ಆದರೆ ವಾರ್ಫರಿನ್‌ನ ಪ್ರಬಲ ಭಾಗವನ್ನು ಯಕೃತ್ತಿನಲ್ಲಿ ಒಡೆಯುವ ಸಿವೈಪಿ2ಸಿ9 ಕಿಣ್ವವನ್ನು ಮೆಟ್ರೊನಿಡಜೋಲ್ ತಡೆಯುತ್ತದೆ. ಒಡೆಯದ ಔಷಧ ರಕ್ತದಲ್ಲೇ ಕೂಡಿಕೊಳ್ಳುತ್ತದೆ. ಇಷ್ಟು ದೊಡ್ಡ ಜಿಗಿತಕ್ಕೆ ಅದೇ ಹೆಚ್ಚು ಹೊಂದುವ ವಿವರಣೆ.

ಪ್ರಶ್ನೆ ಗಟ್ಟಿಯೋ ಎಂದು ನೋಡಲು ಪರೀಕ್ಷಕರು ಆಯ್ಕೆಗಳನ್ನು ಮುಚ್ಚಿ ಓದುತ್ತಾರೆ. ಆಗಲೂ ಉತ್ತರ ಹೊಳೆಯಬೇಕು. ರೋಗಿಯ ಕಥೆ ಓದದೆಯೇ ಉತ್ತರ ಸಿಕ್ಕರೆ ಕಥೆ ಬರೀ ಅಲಂಕಾರ. ಈ ಪ್ರಶ್ನೆಯಲ್ಲಿ ‘6.1’ ತೆಗೆದು ‘1.3’ ಬರೆದು ನೋಡಿ: ಮೆಟ್ರೊನಿಡಜೋಲ್ ತಪ್ಪಾಗಿ, ಸೊಪ್ಪು ಮತ್ತು ಮರೆತ ಮಾತ್ರೆ ಮುಂದೆ ಬರುತ್ತವೆ.